ಅಕ್ಕಿ ಆರಿಸುವುದೋ, ಕಲ್ಲು ಆರಿಸುವುದೋ?

ಪ್ರಶ್ನೆ: ಸರ್, ನಾನು ಮದ್ದೂರು ಕಡೆಯವಳು, ಮೈಸೂರಲ್ಲಿ ಎಂ.ಎ. ಓದ್ತಿದ್ದೀನಿ. ಕಥಾರ್ಸಿಸ್ ಅಂದ್ರೆ ಭಯ, ಕರುಣೆ ಮೂಲಕ ಮನಸ್ಸು ಶುದ್ಧಿ ಆಗೋದು ಅಂತ ಕ್ಲಾಸಲ್ಲಿ ಬರೆಸಿದ್ರು. ಹೋದ ತಿಂಗಳು ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಯ್ತು. ದುರ್ಯೋಧನನ ಪಾಡು ನೋಡಿ ನಮ್ಮ ದೊಡ್ಡಪ್ಪ ಟವಲ್ ಮುಖಕ್ಕೆ ಹಿಡ್ಕೊಂಡು ಅತ್ರು. ಬೆಳಗ್ಗೆ ಎಂಟು ಗಂಟೆಗೆ ಗದ್ದೆ ಹತ್ರ ಹೋಗಿ ನಾಲೆ ನೀರಿನ ಸರದಿಗೆ ನಮ್ಮಪ್ಪನ ಮೇಲೆ ಜಗಳ ತೆಗೆದ್ರು. ಹಂಗಾದ್ರೆ ರಾತ್ರಿ ಶುದ್ಧಿ ಆಗಿದ್ದು ಏನು? ಅತ್ತು ಹಗುರ ಆಗಿದ್ದಷ್ಟೇನಾ?

ಉತ್ತರ: ಬೆಳಗ್ಗೆ ಎಂಟರ ಜಗಳಕ್ಕೆ ಅರಿಸ್ಟಾಟಲನನ್ನು ಹೊಣೆ ಮಾಡುವ ಹಾಗಿಲ್ಲ. ನಾಟಕ ನೋಡಿದವನು ಮಾರನೆಯ ದಿನದಿಂದ ಒಳ್ಳೆಯವನಾಗುತ್ತಾನೆ ಎಂದು ಆತ ಎಲ್ಲೂ ಮಾತು ಕೊಟ್ಟಿಲ್ಲ. ಕಥಾರ್ಸಿಸ್ ಬಗ್ಗೆ ಆತ ಹೇಳಿದ್ದೇ ಬಹಳ ಕಡಿಮೆ. ನಮಗೆ ಉಳಿದು ಬಂದಿರುವ ಅವನ ಕಾವ್ಯಮೀಮಾಂಸೆಯಲ್ಲಿ ಆ ಪದ ಎರಡೇ ಸಲ ಬರುತ್ತದೆ. ಒಂದು ಸಲ ಹದಿನೇಳನೆಯ ಅಧ್ಯಾಯದಲ್ಲಿ, ತಾಯಿಯನ್ನು ಕೊಂದ ಒರೆಸ್ಟಿಸ್ ಮೈಲಿಗೆ ಕಳೆಯುವ ಶಾಸ್ತ್ರದ ನೆಪದಲ್ಲಿ ಪಾರಾಗುವ ಪ್ರಸಂಗ ಹೇಳುವಾಗ. ಅದಕ್ಕೂ ಪ್ರೇಕ್ಷಕರಿಗೂ ಸಂಬಂಧವಿಲ್ಲ. ಇನ್ನೊಂದು ಸಲ ಆರನೆಯ ಅಧ್ಯಾಯದಲ್ಲಿ, ದುರಂತನಾಟಕದ ಲಕ್ಷಣ ಹೇಳುವ ವಾಕ್ಯದ ಕೊನೆಯಲ್ಲಿ: ಕರುಣೆ ಮತ್ತು ಭಯದ ಮೂಲಕ ‘ಅಂಥ ಭಾವಗಳ ಕಥಾರ್ಸಿಸ್’ ಅನ್ನು ನೆರವೇರಿಸುವಂಥದ್ದು ಎಂದು. ಅಷ್ಟೇ. ಬಿಡಿಸಿ ಹೇಳಲಿಲ್ಲ. ನಿಮಗೆ ಬರೆಸಿದ ನೋಟ್ಸಿನಲ್ಲಿ ‘ಮನಸ್ಸು ಶುದ್ಧಿ’ ಎಂದಿದೆಯಲ್ಲ, ಆ ‘ಮನಸ್ಸು’ ಮೂಲದಲ್ಲಿ ಇಲ್ಲವೇ ಇಲ್ಲ. ಇರುವುದು ‘ಭಾವಗಳ’ ಎಂಬ ಷಷ್ಠೀ ವಿಭಕ್ತಿ. ನಾನೂರು ವರ್ಷಕ್ಕೂ ಮೀರಿ ಯುರೋಪಿನ ಪಂಡಿತರು ಕಿತ್ತಾಡಿರುವುದು ಈ ವಿಭಕ್ತಿಯ ಮೇಲೆ.

ಈ ಜಗಳ ಅರ್ಥವಾಗಬೇಕಾದರೆ ಗ್ರೀಕ್ ಕಲಿಯಬೇಕಾಗಿಲ್ಲ, ಮೊರ ಹಿಡಿದು ಜಗುಲಿಯ ಮೇಲೆ ಕೂತವರನ್ನು ನೋಡಿದರೆ ಸಾಕು. ‘ಏನ್ ಮಾಡ್ತಾ ಇದ್ದೀಯವ್ವ’ ಎಂದು ಕೇಳಿದರೆ ಒಮ್ಮೆ ‘ಅಕ್ಕಿ ಆರಿಸ್ತಾ ಇದ್ದೀನಿ’ ಅನ್ನುತ್ತಾರೆ, ಇನ್ನೊಮ್ಮೆ ‘ಕಲ್ಲು ಆರಿಸ್ತಾ ಇದ್ದೀನಿ’ ಅನ್ನುತ್ತಾರೆ. ಕೆಲಸ ಒಂದೇ, ಕ್ರಿಯಾಪದವೂ ಒಂದೇ. ಆದರೆ ಅಕ್ಕಿ ಮೊರದಲ್ಲಿ ಉಳಿಯುತ್ತದೆ, ಕಲ್ಲು ಅಂಗಳಕ್ಕೆ ಹೋಗುತ್ತದೆ. ಗ್ರೀಕಿನ ಆ ನಾಮಪದವೂ ಹೀಗೆಯೇ ಎರಡು ಕಡೆ ವಾಲುತ್ತದೆ. ಭಾವಗಳ ಕಥಾರ್ಸಿಸ್ ಎಂದರೆ ಭಾವಗಳನ್ನು ಚೊಕ್ಕ ಮಾಡಿ ಉಳಿಸಿಕೊಳ್ಳುವುದೂ ಆಗಬಹುದು, ಭಾವಗಳನ್ನು ಹೊರಹಾಕಿ ಮಿಕ್ಕದ್ದನ್ನು ಚೊಕ್ಕ ಮಾಡುವುದೂ ಆಗಬಹುದು. ಕರುಣೆ, ಭಯ ಇವೆರಡು ಅಕ್ಕಿಯೋ ಕಲ್ಲೋ ಎಂಬುದೇ ಪ್ರಶ್ನೆ. ನೀವು ಕೇಳಿರುವ ‘ಶುದ್ಧಿಯೋ, ಹಗುರವೋ’ ಎಂಬುದು ಇದರದೇ ಇನ್ನೊಂದು ಮುಖ.

ಅಕ್ಕಿ ಎಂದವರಲ್ಲಿ ದೊಡ್ಡ ಹೆಸರು ಜರ್ಮನಿಯ ಲೆಸ್ಸಿಂಗನದು. 1760ರ ದಶಕದ ಕೊನೆಯಲ್ಲಿ ಹ್ಯಾಂಬರ್ಗಿನ ರಂಗಭೂಮಿಯ ಬಗ್ಗೆ ಬರೆಯುತ್ತ ಆತ ಹೇಳಿದ್ದು ಇದು: ಕರುಣೆ ಅತಿಯಾಗಿರುವವನಲ್ಲಿ ದುರಂತನಾಟಕ ಅದನ್ನು ತಗ್ಗಿಸುತ್ತದೆ, ಕಡಿಮೆ ಇರುವವನಲ್ಲಿ ಏರಿಸುತ್ತದೆ, ಎರಡನ್ನೂ ಸದ್ಗುಣದ ಮಟ್ಟಕ್ಕೆ ತರುತ್ತದೆ. ಶಾಲೆ ಕಾಲೇಜುಗಳಲ್ಲಿ ಬರೆಸುವ ‘ಶುದ್ಧಿ’ಯ ಹಿಂದಿರುವುದು ಬಹುಪಾಲು ಈ ಓದು. ಕಲ್ಲು ಎಂದವನು ಜರ್ಮನಿಯದೇ ಪಂಡಿತ ಯಾಕೋಬ್ ಬೆರ್ನೇಸ್, 1857ರಲ್ಲಿ. ಅವನು ಕಥಾರ್ಸಿಸ್ ಅನ್ನು ನೇರವಾಗಿ ವೈದ್ಯರ ಪದವಾಗಿ ಓದಿದ. ಹೊಟ್ಟೆಯಲ್ಲಿ ಕಟ್ಟಿಕೊಂಡದ್ದನ್ನು ಔಷಧಿ ಕೊಟ್ಟು ಹೊರಹಾಕಿದ ಹಾಗೆ, ಒಳಗೆ ಕೂಡಿಕೊಂಡ ಭಾವವನ್ನು ನಾಟಕ ಹೊರಹಾಕುತ್ತದೆ. ನೀತಿಪಾಠ ಏನೂ ಇಲ್ಲ. ಈ ಬೆರ್ನೇಸನ ಅಣ್ಣನೋ ತಮ್ಮನೋ ಆದವನ ಮಗಳನ್ನೇ ಮುಂದೆ ಫ್ರಾಯ್ಡ್ ಮದುವೆಯಾದದ್ದು. 1895ರಲ್ಲಿ ವೈದ್ಯ ಬ್ರಾಯರ್ ಜೊತೆ ಸೇರಿ ಫ್ರಾಯ್ಡ್ ಬರೆದ ಪುಸ್ತಕದಲ್ಲಿ ಚಿಕಿತ್ಸೆಗೆ ‘ಕಥಾರ್ಟಿಕ್ ವಿಧಾನ’ ಎಂದೇ ಹೆಸರು. ಇವತ್ತು ಯಾರಾದರೂ ‘ಅತ್ತುಬಿಡು, ಮನಸ್ಸು ಹಗುರ ಆಗುತ್ತೆ’ ಎಂಬ ಹಳೆಯ ಮಾತಿಗೆ ಕಥಾರ್ಸಿಸ್ ಎಂದು ಹೆಸರಿಟ್ಟರೆ, ಅದು ಬಂದದ್ದು ಈ ದಾರಿಯಲ್ಲಿ. ಕನ್ನಡದಲ್ಲೂ ಎರಡು ಪಕ್ಷಕ್ಕೆ ಎರಡು ಪದಗಳಿವೆ. ‘ಭಾವಶೋಧನೆ’ ಎಂದವರು ಅಕ್ಕಿಯ ಕಡೆ, ‘ವಿರೇಚನ’ ಎಂದವರು ಕಲ್ಲಿನ ಕಡೆ. ಪದ ಆರಿಸಿದ ಕೂಡಲೇ ಪಕ್ಷ ಹಿಡಿದ ಹಾಗೆ. ಪರೀಕ್ಷೆಯಲ್ಲಿ ಎರಡನ್ನೂ ಪರ್ಯಾಯ ಪದಗಳಂತೆ ಬರೆಯುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಬೆರ್ನೇಸನ ಕೈಯಲ್ಲಿ ಗಟ್ಟಿ ಸಾಕ್ಷಿಯೊಂದಿತ್ತು. ರಾಜನೀತಿಯ ಮೇಲಿನ ಗ್ರಂಥದ ಎಂಟನೆಯ ಭಾಗದಲ್ಲಿ ಅರಿಸ್ಟಾಟಲ್ ಸಂಗೀತದ ಬಗ್ಗೆ ಮಾತಾಡುತ್ತ ಕಥಾರ್ಸಿಸ್ ಪದ ಬಳಸುತ್ತಾನೆ. ಇಲ್ಲಿ ಸುಮ್ಮನೆ ಹೇಳಿರುತ್ತೇನೆ, ಕಾವ್ಯದ ವಿಚಾರ ಬರೆಯುವಾಗ ಸ್ಪಷ್ಟ ಮಾಡುತ್ತೇನೆ ಎನ್ನುತ್ತಾನೆ. ಆ ಸ್ಪಷ್ಟನೆ ನಮಗೆ ಸಿಕ್ಕಿಲ್ಲ. ಆದರೆ ಅಲ್ಲಿ ಕೊಟ್ಟಿರುವ ಉದಾಹರಣೆ ನಿಮಗೆ ನಮಗೆ ಚೆನ್ನಾಗಿ ಗೊತ್ತಿರುವಂಥದ್ದು. ಕೆಲವರ ಮೈಮೇಲೆ ಆವೇಶ ಬರುತ್ತದೆ. ಆವೇಶ ಏರಿಸುವ ದೇವರ ಹಾಡುಗಳನ್ನೇ ಅವರಿಗೆ ಕೇಳಿಸಿದರೆ, ವೈದ್ಯ ಮಾಡಿಸಿಕೊಂಡವರ ಹಾಗೆ ಅವರು ಶಾಂತರಾಗಿ ತಮ್ಮ ಸ್ಥಿತಿಗೆ ಮರಳುತ್ತಾರೆ ಎನ್ನುತ್ತಾನೆ. ಊರಹಬ್ಬದಲ್ಲಿ ತಮಟೆಯ ಪೆಟ್ಟು ಏರುತ್ತ ಹೋದ ಹಾಗೆ ಮೈದುಂಬಿದವರು ಕುಣಿದು ಕುಣಿದು, ಕೊನೆಗೆ ಕುಸಿದು, ಒಂದು ಚೊಂಬು ನೀರು ಕುಡಿದು ಏನೂ ಆಗದವರ ಹಾಗೆ ಎದ್ದು ಕೂರುವುದನ್ನು ನೀವು ನೋಡಿರುತ್ತೀರಿ. ತಮಟೆ ನಿಲ್ಲಿಸಿ ಅವರನ್ನು ಸಮಾಧಾನ ಮಾಡಲು ಹೋದರೆ ಆಗುವುದಿಲ್ಲ. ಏರಿಸಿಯೇ ಇಳಿಸಬೇಕು. ಕರುಣೆ, ಭಯದ ಸ್ವಭಾವ ಹೆಚ್ಚಿರುವವರಿಗೂ ಹೀಗೆಯೇ, ಇನ್ನುಳಿದವರಿಗೂ ಅವರವರ ಪಾಲಿನಷ್ಟು ಹೀಗೆಯೇ ಎಂದು ಹೇಳಿ ಅವನು ಬಳಸುವ ಮಾತು: ‘ಸುಖದ ಜೊತೆಗೆ ಹಗುರಾಗುತ್ತಾರೆ’. ನಿಮ್ಮ ‘ಹಗುರ’ ಅರಿಸ್ಟಾಟಲನದೇ ಪದ.

ಅವನು ಈ ಮಾತನ್ನು ಯಾರ ಎದುರು ಹೇಳುತ್ತಿದ್ದ ಎಂಬುದನ್ನೂ ನೋಡಬೇಕು. ಗುರು ಪ್ಲೇಟೋ ಒಂದು ಆಪಾದನೆ ಹೊರಿಸಿದ್ದ. ಮನೆಯಲ್ಲಿ ಸಾವಾದರೆ ಗಟ್ಟಿಯಾಗಿರಬೇಕು ಎನ್ನುವ ಗಂಡಸು ರಂಗಮಂದಿರದಲ್ಲಿ ಯಾರದೋ ಗೋಳು ನೋಡಿ ಸುಖವಾಗಿ ಅಳುತ್ತಾನೆ. ಬೇರೆಯವರ ದುಃಖಕ್ಕೆಂದು ನೀರೆರೆದು ಬೆಳೆಸಿದ ಈ ಅಳು, ತನ್ನ ದುಃಖ ಬಂದಾಗ ಹಿಡಿತಕ್ಕೆ ಸಿಗುವುದಿಲ್ಲ ಎಂದು. ಈ ಆಪಾದನೆಗೆ ‘ಇಲ್ಲ, ಹಗುರಾಗಿ ಮರಳುತ್ತಾರೆ’ ಎಂಬುದು ಸಾಕಷ್ಟು ದೊಡ್ಡ ಉತ್ತರವೇ. ‘ಅಷ್ಟೇನಾ’ ಎಂದು ನೀವು ಕೇಳಿದ್ದೀರಿ. ಪ್ಲೇಟೋ ಹೇಳಿದ್ದು ನಿಜವಾಗಿದ್ದರೆ ನಿಮ್ಮ ದೊಡ್ಡಪ್ಪ ಬೆಳಗ್ಗೆ ಬದುವಿನ ಮೇಲೆ ಕೂತು ಇನ್ನೂ ಅಳುತ್ತಿರಬೇಕಿತ್ತು.

ಹಾಗಾದರೆ ಬೆರ್ನೇಸ್ ಗೆದ್ದನೇ? ಪೂರ್ತಿ ಇಲ್ಲ ಎನ್ನುವವನು ನಾನು. ಕಾರಣ ಒಂದೇ. ಅರಿಸ್ಟಾಟಲನ ಕಣ್ಣಿಗೆ ಕರುಣೆ, ಭಯ ಹೊರಗೆ ಎಸೆಯುವ ಕಸವಲ್ಲ. ನೀತಿಯ ಮೇಲಿನ ಗ್ರಂಥದಲ್ಲಿ ಆತ ಭಯ, ಕೋಪ, ಕರುಣೆಗಳನ್ನೇ ಹೆಸರಿಸಿ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಕಾರಣಕ್ಕೆ, ಸರಿಯಾದವರ ವಿಷಯದಲ್ಲಿ, ಸರಿಯಾದ ಅಳತೆಯಲ್ಲಿ ಅವು ಬರುವುದೇ ಗುಣವಂತನ ಲಕ್ಷಣ ಎನ್ನುತ್ತಾನೆ. ಹೀಗೆ ಹೇಳುವವನಿಗೆ ಇವು ಅಕ್ಕಿ. ಕಲ್ಲು ಬೇರೆ ಏನೋ ಇರಬೇಕು. ಅದು ಏನೆಂದು ತಿಳಿಯಲು ಅವನು ಕರುಣೆಗೂ ಭಯಕ್ಕೂ ಕೊಟ್ಟ ವಿವರಣೆಯನ್ನು ಕೈಗೆತ್ತಿಕೊಳ್ಳಬೇಕು. ಅದಿರುವುದು ಭಾಷಣಕಲೆಯ ಮೇಲಿನ ಪುಸ್ತಕದಲ್ಲಿ.

ಕರುಣೆ ಎಂದರೆ, ತಕ್ಕವನಲ್ಲದವನಿಗೆ ಬಂದ ಕೇಡನ್ನು ಕಂಡು ಆಗುವ ನೋವು. ಜೊತೆಗೆ, ಆ ಕೇಡು ನನಗೋ ನನ್ನವರಿಗೋ ಬರಬಹುದಾದದ್ದು ಎನ್ನಿಸಬೇಕು. ಭಯ ಎಂದರೆ, ಹತ್ತಿರ ಬಂದು ನಿಂತ ಕೇಡನ್ನು ಊಹಿಸಿಕೊಂಡಾಗ ಆಗುವ ಕಳವಳ. ಎರಡರ ಬೇರೂ ಒಂದೇ. ನನಗೆ ಬಂದರೆ ಹೆದರುವಂಥದ್ದು ಬೇರೆಯವನಿಗೆ ಬಂದರೆ ಮರುಗುತ್ತೇನೆ. ಆದ್ದರಿಂದಲೇ ಎಲ್ಲ ಕಳೆದುಕೊಂಡವನಿಗೆ ಕರುಣೆ ಬರುವುದಿಲ್ಲ, ಅವನಿಗೆ ಇನ್ನು ಬರಬೇಕಾದದ್ದು ಏನೂ ಉಳಿದಿಲ್ಲ. ತನಗೇನೂ ಆಗದು ಎಂದು ಬೀಗುವವನಿಗೂ ಬರುವುದಿಲ್ಲ. ಮತ್ತು ಕೇಡು ತೀರಾ ಹತ್ತಿರಕ್ಕೆ ಬಂದರೆ ಕರುಣೆ ಸತ್ತುಹೋಗುತ್ತದೆ. ಇಲ್ಲಿ ಅವನೊಂದು ಕಥೆ ಹೇಳುತ್ತಾನೆ: ಸೆರೆಸಿಕ್ಕ ರಾಜನೊಬ್ಬನ ಕಣ್ಣೆದುರೇ ಮಗನನ್ನು ಕೊಲ್ಲಲು ಒಯ್ದರು, ಅವನು ಅಳಲಿಲ್ಲ, ಗೆಳೆಯನೊಬ್ಬ ಭಿಕ್ಷೆ ಬೇಡುವುದನ್ನು ಕಂಡಾಗ ಅತ್ತ. ಮಗನ ಸಾವು ಘೋರ, ಗೆಳೆಯನ ಪಾಡು ಕರುಣೆ. ಕರುಣೆಗೆ ಒಂದಿಷ್ಟು ದೂರ ಬೇಕು. ನಿಮ್ಮ ದೊಡ್ಡಪ್ಪನಿಗೆ ದುರ್ಯೋಧನ ಬೇಕಾದಷ್ಟು ದೂರದಲ್ಲಿದ್ದ, ನಿಮ್ಮಪ್ಪ ಇರಲಿಲ್ಲ.

ಇದನ್ನು ಇಟ್ಟುಕೊಂಡು ಒಂದು ನಾಟಕ ನೋಡೋಣ. ಅರಿಸ್ಟಾಟಲ್ ಮತ್ತೆ ಮತ್ತೆ ಹೆಸರಿಸುವ ಸಾಫೊಕ್ಲಿಸನ ಈಡಿಪಸ್ಸೇ ಆಗಲಿ. ಕನ್ನಡದಲ್ಲಿ ಲಂಕೇಶರ ‘ದೊರೆ ಈಡಿಪಸ್’ ಇದೆ, ಲೈಬ್ರರಿಯಲ್ಲಿ ಸಿಗುತ್ತದೆ, ಗಟ್ಟಿಯಾಗಿ ಓದಿ. ತಂದೆಯನ್ನು ಕೊಂದು ತಾಯಿಯನ್ನು ವರಿಸುತ್ತೀಯೆ ಎಂಬ ದೈವವಾಣಿ ಕೇಳಿ ಈಡಿಪಸ್ ತಾನು ಬೆಳೆದ ಕೊರಿಂಥ್ ಬಿಟ್ಟು ಓಡಿ, ಥೀಬ್ಸಿನ ದೊರೆಯಾಗಿದ್ದಾನೆ. ಈಗ ಕೊರಿಂಥಿನಿಂದ ಮುದುಕನೊಬ್ಬ ಬರುತ್ತಾನೆ. ನಿನ್ನ ತಂದೆ ಸತ್ತ, ನೀನೇ ದೊರೆ ಎಂದು ಶುಭಸುದ್ದಿ ತಂದಿದ್ದಾನೆ. ತಾಯಿ ಇನ್ನೂ ಬದುಕಿದ್ದಾಳಲ್ಲ ಎಂದು ಈಡಿಪಸ್ ಹಿಂಜರಿದರೆ, ಆ ಭಯ ಬಿಡಿಸೋಣವೆಂದು ಮುದುಕ ಪ್ರೀತಿಯಿಂದಲೇ ಹೇಳಿಬಿಡುತ್ತಾನೆ: ಅವರು ನಿನ್ನ ಹೆತ್ತವರೇ ಅಲ್ಲ, ಎಳೆಗೂಸಾದ ನಿನ್ನನ್ನು ತಂದುಕೊಟ್ಟವನು ನಾನೇ. ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಈ ಮುದುಕನ ಮಾತಿಗೆ ಮಕ್ಕಳು ನಗುತ್ತಿದ್ದರು, ಇನಾಮಿನ ಆಸೆಗೆ ಓಡಿಬಂದ ಹಳ್ಳಿಗನ ಧಾಟಿ ಅದರಲ್ಲಿದೆ. ಆ ನಗು ಎರಡು ಪುಟ ಕಳೆಯುವುದರೊಳಗೆ ನಿಂತುಹೋಗುತ್ತಿತ್ತು. ಪಕ್ಕದಲ್ಲಿ ನಿಂತ ಹೆಂಡತಿ ಯೊಕಾಸ್ಟಾಗೆ, ತಾನೇ ಅವನ ಹೆತ್ತ ತಾಯಿ ಎಂದು, ಈಡಿಪಸ್‌ಗಿಂತ ಮೊದಲೇ ಎಲ್ಲ ತಿಳಿದುಹೋಗುತ್ತದೆ. ಇನ್ನು ಕೆದಕಬೇಡ ಎಂದು ಬೇಡಿಕೊಂಡು ಅವಳು ಒಳಗೆ ಹೋಗುತ್ತಾಳೆ. ಕೊನೆಗೆ, ಆ ಕೂಸನ್ನು ಮುದುಕನ ಕೈಗೆ ಕೊಟ್ಟಿದ್ದ ಥೀಬ್ಸಿನ ಕುರುಬನನ್ನು ಹಿಡಿದು ತರುತ್ತಾರೆ. ‘ಅಯ್ಯೋ, ಹೇಳಬಾರದ್ದನ್ನು ಹೇಳುವ ಅಂಚಿಗೆ ಬಂದೆ’ ಎನ್ನುತ್ತಾನೆ ಅವನು. ‘ನಾನು ಕೇಳಬಾರದ್ದನ್ನು ಕೇಳುವ ಅಂಚಿಗೆ, ಆದರೂ ಕೇಳಬೇಕು’ ಎನ್ನುತ್ತಾನೆ ಈಡಿಪಸ್.

ನೋಡುವವರ ಭಯ ಯಾವುದು ಇಲ್ಲಿ? ನಾನೂ ತಂದೆಯನ್ನು ಕೊಂದುಬಿಟ್ಟೇನು ಎಂಬುದಲ್ಲ. ತಪ್ಪಿಸಿಕೊಳ್ಳಲು ಇಟ್ಟ ಹೆಜ್ಜೆಯೇ ಅಲ್ಲಿಗೆ ತಂದು ನಿಲ್ಲಿಸಿತು ಎಂಬುದು. ಆ ಬಗೆಯ ಹೆಜ್ಜೆ ಇಡದವರು ಯಾರೂ ಇಲ್ಲ. ಕರುಣೆ ಅವನ ಮೇಲೆ, ಭಯ ನಮ್ಮ ಮೇಲೆ. ಎರಡೂ ಒಂದೇ ಕ್ಷಣದಲ್ಲಿ ಬರುತ್ತವೆ.

ಬಹಳ ಜನ ಗಮನಿಸದ ಸಂಗತಿ ಇದರ ಮುಂದಿದೆ. ನಾಟಕ ಇರುವುದು 1530 ಸಾಲು. ಎಲ್ಲ ಬಯಲಾಯಿತು ಎಂದು ಈಡಿಪಸ್ ಚೀರುವುದು 1182ನೆಯ ಸಾಲಿನಲ್ಲಿ. ಅಲ್ಲಿಂದ ಮುಂದೆ ಸುಮಾರು ಮುನ್ನೂರೈವತ್ತು ಸಾಲು, ಹೆಚ್ಚುಕಡಿಮೆ ನಾಟಕದ ಕಾಲುಭಾಗ ಇನ್ನೂ ಉಳಿದಿದೆ. ಕಥೆ ಗೊತ್ತಾಯಿತಲ್ಲ, ಇಷ್ಟು ಯಾಕೆ? ಯೊಕಾಸ್ಟಾ ನೇಣು ಹಾಕಿಕೊಂಡದ್ದನ್ನು, ಈಡಿಪಸ್ ಅವಳ ಬಟ್ಟೆಯ ಪಿನ್ನುಗಳಿಂದ ಕಣ್ಣು ಚುಚ್ಚಿಕೊಂಡದ್ದನ್ನು ಒಬ್ಬ ಬಂದು ಹೇಳುತ್ತಾನೆ. ಬಾಗಿಲು ತೆರೆದು ಈಡಿಪಸ್ ಹೊರಬಂದಾಗ ಮೇಳದವರು ಹೇಳುವುದು ಇದು: ಕೇಳಬೇಕಾದ್ದು ಬಹಳ ಇದೆ, ಆದರೆ ನಿನ್ನನ್ನು ನೋಡಲಾರೆ, ಅಂಥ ನಡುಕ ಹುಟ್ಟಿಸುತ್ತೀಯೆ. ಆ ನಡುಕಕ್ಕೆ ಗ್ರೀಕಿನಲ್ಲಿ ‘ಫ್ರಿಕೆ’ ಎನ್ನುತ್ತಾರೆ, ಮೈಯ ರೋಮ ನಿಗುರಿ ನಿಲ್ಲುವುದು. ಈಡಿಪಸ್ಸಿನ ಕಥೆಯನ್ನು ಬರೀ ಕಿವಿಯಲ್ಲಿ ಕೇಳಿದವನೂ ನಡುಗಿ ಮರುಗಬೇಕು ಎಂದು ಅರಿಸ್ಟಾಟಲ್ ಕಾವ್ಯಮೀಮಾಂಸೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಬರೆಯುವಾಗ ಬಳಸಿದ್ದೂ ಅದೇ ಧಾತುವಿನ ಪದ. ಮೇಳ ಮೊದಲು ನೋಡಲಾರೆ ಎನ್ನುತ್ತದೆ, ಆಮೇಲೆ ಮಾತಾಡಿಸುತ್ತದೆ, ಯಾಕೆ ಹೀಗೆ ಮಾಡಿಕೊಂಡೆ ಎಂದು ಕೇಳುತ್ತದೆ. ಕೊನೆಗೆ ಇಬ್ಬರು ಹೆಣ್ಣುಮಕ್ಕಳನ್ನು ಕರೆತರುತ್ತಾರೆ, ಕುರುಡ ತಂದೆ ಕೈ ಚಾಚಿ ಅವರನ್ನು ಮುಟ್ಟುತ್ತಾನೆ. ನೋಡಲಾಗದ್ದನ್ನು ನೋಡಲಾಗುವ ಹಾಗೆ ಮಾಡಲು ಸಾಫೊಕ್ಲಿಸನಿಗೆ ಆ ಮುನ್ನೂರೈವತ್ತು ಸಾಲು ಬೇಕಾಯಿತು. ಕಥಾರ್ಸಿಸ್ ಎಲ್ಲಿ ನಡೆಯುತ್ತದೆ ಎಂದು ನನ್ನನ್ನು ಕೇಳಿದರೆ, ಚೀರಿದ ಸಾಲಿನಲ್ಲಿ ಅಲ್ಲ, ಅದಾದ ಮೇಲಿನ ಈ ಇಳಿಜಾರಿನಲ್ಲಿ ಎನ್ನುತ್ತೇನೆ. ಹೋಗುವ ಕಲ್ಲು ಯಾವುದೆಂದರೆ, ಕಂಡವನನ್ನು ದೂರ ತಳ್ಳುವ ಅಸಹ್ಯ, ದಿಗಿಲು, ‘ಸದ್ಯ, ನಾನಲ್ಲ’ ಎಂಬ ಸಮಾಧಾನ. ಮೊರದಲ್ಲಿ ಉಳಿಯುವುದು ಅವನ ಹತ್ತಿರ ನಿಲ್ಲಬಲ್ಲ ಕರುಣೆ. ಇದು ನನ್ನ ಓದು, ಅರಿಸ್ಟಾಟಲನ ವಾಕ್ಯವಲ್ಲ. ಆದರೆ ‘ಹಗುರ’ವನ್ನೂ ‘ಶುದ್ಧಿ’ಯನ್ನೂ ಒಂದೇ ಮೊರದಲ್ಲಿ ಹಿಡಿಯಲು ನನಗೆ ಬೇರೆ ದಾರಿ ಕಂಡಿಲ್ಲ.

ಈಗ ನಿಮ್ಮೂರಿನ ನಾಟಕ. ಮಂಡ್ಯ ಕಡೆಯ ಕುರುಕ್ಷೇತ್ರಗಳನ್ನು ನಾನೂ ಸಾಕಷ್ಟು ನೋಡಿದ್ದೇನೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿರುತ್ತಾರೆ, ಪಾತ್ರಕ್ಕೆ ಇಷ್ಟು ಎಂದು ದುಡ್ಡು ಕೊಟ್ಟು ಕಟ್ಟಿಕೊಂಡಿರುತ್ತಾರೆ, ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಜಾಸ್ತಿ. ಒಂದು ಊರಿನಲ್ಲಿ ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ದುರ್ಯೋಧನ ರಣರಂಗಕ್ಕೆ ಬಂದ. ಆಲೆಮನೆ ನಡೆಸುವವನು, ಹಗಲೆಲ್ಲ ಬೆಲ್ಲದ ಕೊಪ್ಪರಿಗೆ ಮುಂದೆ ನಿಂತು ಗಂಟಲು ಒಣಗಿಸಿಕೊಂಡವನು, ಆದರೂ ಕಂದ ಎತ್ತಿದರೆ ಕಂಚಿನ ಹಾಗೆ. ಕರ್ಣ ಬಿದ್ದಿದ್ದಾನೆ. ಮುಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೆ ಹಚ್ಚಿದ್ದರು. ಹಾಡು ಮುಗಿಯುತ್ತಿದ್ದ ಹಾಗೆ ಹಿಂದಿನಿಂದ ‘ಒನ್ಸ್ ಮೋರ್’ ಎಂದು ಕೂಗು. ಭಾವಮೈದುನ ವೇದಿಕೆ ಹತ್ತಿ ನೋಟಿನ ಹಾರ ಹಾಕಿದ, ಮೈಕಿನಲ್ಲಿ ಹಾರ ಹಾಕಿದವರ ಹೆಸರು ಕೂಗಿದರು. ಸತ್ತ ಕರ್ಣ ಕೆಳಗೆ ಮಲಗಿದ್ದಲ್ಲೇ ಸೊಳ್ಳೆ ಹೊಡೆದುಕೊಂಡ. ದುರ್ಯೋಧನ ಎರಡನೆಯ ಸಲ ಅದೇ ಹಾಡು ಹಾಡಿದ, ಹೆಂಗಸರು ಎರಡನೆಯ ಸಲವೂ ಅತ್ತರು. ಮೊದಲಿನಷ್ಟೇ.

ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಎರಡನೆಯ ಸಲವೂ ಅಷ್ಟೇ ಅಳು ಬಂತು ಎಂದರೆ ಅದು ರಾಗದಿಂದ ಬಂದ ಅಳು. ಸಂಗೀತದ ಬಗ್ಗೆ ಹೇಳುವಾಗ ಅರಿಸ್ಟಾಟಲ್ ವಿವರಿಸಿದ ಹಗುರ ಇದೇ, ತಮಟೆಯ ಹಗುರ. ಕಥೆಯ ಕಟ್ಟಿನಿಂದ ಬಂದ ಅಳುವಾಗಿದ್ದರೆ ಅದನ್ನು ‘ಒನ್ಸ್ ಮೋರ್’ ಎಂದು ಕೇಳಲಾಗುತ್ತಿರಲಿಲ್ಲ. ಕುರುಬನನ್ನು ಇನ್ನೊಂದು ಸಲ ಕರೆಸಿ ಅದೇ ಮಾತು ಹೇಳಿಸಿ ಎಂದು ಯಾರೂ ಕೂಗುವುದಿಲ್ಲ. ಹದಿನಾಲ್ಕನೆಯ ಅಧ್ಯಾಯದ ಪರೀಕ್ಷೆಯನ್ನು ನೀವೇ ಮಾಡಿ ನೋಡಬಹುದು. ಹಾಡು, ಸೀನರಿ, ವೇಷ ಎಲ್ಲ ತೆಗೆದು ಪ್ರಸಂಗವನ್ನು ನಾಲ್ಕು ಮಾತಿನಲ್ಲಿ ಮನೆಯಲ್ಲಿ ಹೇಳಿ. ಕೇಳಿದವರ ಮೈ ಜುಮ್ಮೆಂದರೆ ಅದು ಕಥೆಯಲ್ಲೇ ಇದೆ.

ಹರಿಶ್ಚಂದ್ರ ನಾಟಕದಲ್ಲಿ ಈ ಪರೀಕ್ಷೆ ಇನ್ನೊಂದು ರೀತಿಯಲ್ಲಿ ಎಡವುತ್ತದೆ. ಮಗನ ಹೆಣ ಹೊತ್ತು ಬಂದ ಚಂದ್ರಮತಿಯ ಹತ್ತಿರ ಸುಡುಗಾಡಿನ ತೆರಿಗೆ ಕೇಳುವ ಗಂಡ. ಇದಕ್ಕಿಂತ ಅಳಿಸುವ ಪ್ರಸಂಗ ನಮ್ಮಲ್ಲಿ ಇನ್ನೊಂದಿಲ್ಲ. ಆದರೆ ಹರಿಶ್ಚಂದ್ರನ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೊಳ್ಳಲು ನನಗೆ ಧೈರ್ಯ ಬರುವುದಿಲ್ಲ, ನಾನು ಮೊದಲನೆಯ ಅಂಕದಲ್ಲೇ ಸುಳ್ಳು ಹೇಳಿರುತ್ತಿದ್ದೆ. ಯಾವ ತಪ್ಪೂ ಇಲ್ಲದ ಒಳ್ಳೆಯವನು ಸುಖದಿಂದ ದುಃಖಕ್ಕೆ ಬೀಳುವುದು ಭಯವನ್ನೂ ಹುಟ್ಟಿಸದು, ಕರುಣೆಯನ್ನೂ ಹುಟ್ಟಿಸದು, ಬರೀ ಮನಸ್ಸನ್ನು ಕಲಕುವ ಅನ್ಯಾಯ ಅದು ಎನ್ನುತ್ತಾನೆ ಅರಿಸ್ಟಾಟಲ್. ಕರುಣೆ ಹುಟ್ಟದು ಎಂದದ್ದು ನಮ್ಮೂರುಗಳಲ್ಲಿ ಸುಳ್ಳು, ಬಿಡಿ. ಭಯ ಹುಟ್ಟದು ಎಂಬುದು ನಿಜ. ಕೊನೆಯಲ್ಲಿ ವಿಶ್ವಾಮಿತ್ರ ಬಂದು ರಾಜ್ಯ, ಮಗ ಎಲ್ಲ ಹಿಂದಿರುಗಿಸುತ್ತಾನೆ, ಮಂಗಳ ಹಾಡುತ್ತಾರೆ. ಅಲ್ಲಿ ನಮ್ಮನ್ನು ಹಗುರ ಮಾಡುವುದು ವಿಶ್ವಾಮಿತ್ರ.

ದುರ್ಯೋಧನ ಹಾಗಲ್ಲ. ಕುರುಕ್ಷೇತ್ರದ ಎಷ್ಟೋ ಪ್ರತಿಗಳಲ್ಲಿ ಅವನು ಬರೀ ಅಬ್ಬರ, ಆದರೆ ಹತ್ತನೆಯ ಶತಮಾನದಲ್ಲೇ ರನ್ನ ತನ್ನ ‘ಗದಾಯುದ್ಧ’ದಲ್ಲಿ ಅವನನ್ನು ಬೇರೆ ಮಾಡಿ ನಿಲ್ಲಿಸಿದ್ದ. ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತ ಅವನು ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಹೊಗಳುತ್ತಾನೆ. ತನ್ನ ಮಗ ಲಕ್ಷಣನ ಹೆಣದ ಮುಂದೆ ಹೇಳುತ್ತಾನೆ:

ಜನಕಂಗೆ ಜಲಾಂಜಲಿಯಂ
ತನೂಭವಂ ಕುಡುವುದುಚಿತಮದುಗೆಟ್ಟೀಗಳ್
ನಿನಗಾಂ ಕುಡುವಂತಾದುದೆ
ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ

ಅಪ್ಪನಿಗೆ ಮಗ ತರ್ಪಣ ಬಿಡುವುದು ಸರಿ, ಅದು ಕೆಟ್ಟು ನಾನು ನಿನಗೆ ಬಿಡುವ ಹಾಗಾಯಿತಲ್ಲ, ಮಗನೇ, ಸರದಿ ಹಿಂದುಮುಂದು ಮಾಡುವುದೇ? ಇಲ್ಲಿ ಸಂಗೀತ ಬೇಕಿಲ್ಲ. ತಪ್ಪು ಅವನದೇ, ಯುದ್ಧ ಬೇಕೆಂದವನೂ ಅವನೇ. ಹಾಗಂತ ಇದಕ್ಕೆ ತಕ್ಕವನೇ? ಮಕ್ಕಳಿರುವ ಯಾರ ಮೈಯೂ ‘ಕ್ರಮವಿಪರ್ಯಯ’ ಎಂಬ ಪದದಲ್ಲಿ ಒಂದು ಕ್ಷಣ ತಣ್ಣಗಾಗುತ್ತದೆ. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಬಿ.ಎಂ.ಶ್ರೀ. ಈ ಕಾವ್ಯವನ್ನು ನಾಟಕವಾಗಿ ಕಟ್ಟಿದರು, ಸಾಫೊಕ್ಲಿಸನ ಇನ್ನೊಂದು ನಾಟಕದ ಅಚ್ಚಿನಲ್ಲಿ ‘ಅಶ್ವತ್ಥಾಮನ್’ ಬರೆದರು. ದುರಂತಕ್ಕೆ ಬೇಕಾದ ಭಯ ಮಹಾಭಾರತದ ಸೋತವರಲ್ಲಿದೆ ಎಂದು ಅವರಿಗೆ ಹೊಳೆದಿತ್ತು.

ಒಂದು ಎಚ್ಚರಿಕೆ. ‘ಒಳಗಿದ್ದದ್ದನ್ನು ಕಕ್ಕಿಬಿಟ್ಟರೆ ಸರಿಹೋಗುತ್ತದೆ’ ಎಂಬುದನ್ನು ಕೋಪಕ್ಕೆ ಹಚ್ಚಬೇಡಿ. ಬ್ರಾಡ್ ಬುಷ್‌ಮನ್ ಎಂಬ ಮನೋವಿಜ್ಞಾನಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರ ಕೋಪ ಹೆಚ್ಚಾಗಿತ್ತು, ಸುಮ್ಮನೆ ಕೂತವರ ಕೋಪ ಕಡಿಮೆಯಾಗಿತ್ತು. ಅಳುವಿನ ಲೆಕ್ಕ ಬೇರೆ. 2015ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ದುಃಖದ ಸಿನಿಮಾ ತೋರಿಸಿ ನೋಡಿದರು. ಅತ್ತವರ ಮನಸ್ಸು ಸಿನಿಮಾ ಮುಗಿದ ಕೂಡಲೇ ಮೊದಲಿಗಿಂತ ಕುಸಿದಿತ್ತು, ಇಪ್ಪತ್ತು ನಿಮಿಷಕ್ಕೆ ಮೊದಲಿನ ಮಟ್ಟಕ್ಕೆ ಬಂತು, ತೊಂಬತ್ತು ನಿಮಿಷದ ಹೊತ್ತಿಗೆ ಸಿನಿಮಾ ಶುರುವಾಗುವ ಮೊದಲಿಗಿಂತ ಮೇಲಿತ್ತು. ಹಗುರ ಅಳುವಿನ ಜೊತೆಗೇ ಬರುವುದಿಲ್ಲ, ಹಿಂದಿನಿಂದ ಬರುತ್ತದೆ. ಸಾಫೊಕ್ಲಿಸನ ಮುನ್ನೂರೈವತ್ತು ಸಾಲು ನೆನಪಾದರೆ ತಪ್ಪಲ್ಲ, ಆದರೆ ಆ ಪ್ರಯೋಗ ಅಳೆದದ್ದು ಮನಸ್ಸಿನ ಗೆಲುವನ್ನು ಮಾತ್ರ. ಶುದ್ಧಿಗೆ ಮಾಪಕ ಇಲ್ಲ.

ನಿಮ್ಮ ದೊಡ್ಡಪ್ಪನ ವಿಷಯದಲ್ಲಿ, ಬೆಳಗ್ಗೆ ಯಾಕೆ ಜಗಳ ಆಡಿದಿರಿ ಎಂದು ಕೇಳಬೇಡಿ. ಅದು ನಾಲೆಯ ನೀರಿನ ಮಾತು, ನಾಟಕದ್ದಲ್ಲ. ಎರಡು ದಿನ ಬಿಟ್ಟು, ಅವರು ಎಲೆ ಅಡಿಕೆ ಹಾಕಿಕೊಂಡು ಕೂತಿರುವಾಗ, ಸರಿಯಾಗಿ ಯಾವ ಜಾಗದಲ್ಲಿ ಟವಲ್ ಎತ್ತಿಕೊಂಡಿರಿ ಎಂದು ಕೇಳಿ. ಹಾಡಿನ ಪಲ್ಲವಿ ಗುನುಗಿ ತೋರಿಸಿದರೆ ಅವರು ಹಗುರಾಗಿದ್ದಾರೆ, ಒಳ್ಳೆಯದೇ. ಅದೇ ರಣರಂಗದಲ್ಲಿ ದುರ್ಯೋಧನ ದುಶ್ಶಾಸನನ ಹೆಣದ ಮುಂದೂ ನಿಲ್ಲುತ್ತಾನೆ, ತಮ್ಮನ ಹೆಣ. ಅವರು ಆ ಜಾಗ ಹೇಳಿದರೆ, ಅಥವಾ ಹೇಳದೆ ಮಾತು ತಿರುಗಿಸಿ ‘ನಿಮ್ಮಪ್ಪ ಎಲ್ಲವ್ವ’ ಎಂದು ಕೇಳಿದರೆ, ನನಗೊಂದು ಕಾಗದ ಬರೆಯಿರಿ.